ಮೊಮ್ಮಗು ಯಾರ ಹಕ್ಕು?

ಯಲಹಂಕ ಉಪನಗರದ ನಮ್ಮ ಉದ್ಯಾನದಲ್ಲಿ ಸಂಜೆ ನಡೆದಾಡಿ ದಣಿದವರು ಕೂರುವ ಒಂದು ಕಲ್ಲುಬೆಂಚಿದೆ. ನಿವೃತ್ತರ ಸಂಸತ್ತು ಎಂದು ನನ್ನ ಹೆಂಡತಿ ಅದನ್ನು ಹಾಸ್ಯ ಮಾಡುವುದುಂಟು. ಕಳೆದ ವಾರ ಅಲ್ಲಿ ಹಿರಿಯರೊಬ್ಬರು ಬಹಳ ನೊಂದು ನುಡಿದರು: "ಮೇಷ್ಟ್ರೇ, ನನ್ನ ಮಗನ ಮಗಳು. ನನ್ನ ವಂಶದ ಕುಡಿ. ಅವಳ ಮುಖ ನೋಡಲು ನಾನು ಕೋರ್ಟಿಗೆ ಅರ್ಜಿ ಹಾಕಬೇಕೇ? ಅಜ್ಜನಿಗೆ ಅಷ್ಟು ಹಕ್ಕೂ ಇಲ್ಲವೇ?" ಬೆಂಚಿನಲ್ಲಿದ್ದ ಎಲ್ಲರೂ ತಲೆದೂಗಿದರು. ನಾನು ಮಾತ್ರ ಸುಮ್ಮನಿದ್ದೆ. ಮನೆಗೆ ಬಂದು ಹೆಂಡತಿಯ ಮುಂದೆ ಅರ್ಧ ಗಂಟೆ ವಾದಿಸಿದಾಗ, "ಅಲ್ಲಿ ಮೌನ, ಇಲ್ಲಿ ಉಪನ್ಯಾಸ. ಹೇಳಬೇಕಾದದ್ದನ್ನು ಬರೆದಾದರೂ ಹಾಕಿ" ಎಂದು ಆಕೆ ಗದರಿದಳು. ಆದ್ದರಿಂದ ಈ ಬರಹ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಾವೇ ಅಜ್ಜ ಅಜ್ಜಿಯರಾಗುವ ಹೊಸ್ತಿಲಲ್ಲಿದ್ದಾರೆ. ಇನ್ನು ಕೆಲವರು ವಿಚ್ಛೇದನದ ನಂತರ ಮಗುವನ್ನು ಒಬ್ಬಂಟಿಯಾಗಿ ಸಾಕುತ್ತಿದ್ದಾರೆ. ಇಬ್ಬರಿಗೂ ನನ್ನ ಮಾತು ಸ್ವಲ್ಪ ಕಹಿಯಾಗಬಹುದು. ಆ ಹಿರಿಯರ ಸಂಕಟ ನಿಜವಾದದ್ದು. ಮೊಮ್ಮಗಳನ್ನು ನೋಡಬೇಕೆಂಬ ಅವರ ಬಯಕೆಯೂ ನ್ಯಾಯವಾದದ್ದು. ಆದರೆ ಆ ಬಯಕೆಯನ್ನು ಅವರು ನಿಲ್ಲಿಸಿರುವ ನೆಲ ತಪ್ಪು. "ನನ್ನ ವಂಶ, ನನ್ನ ಹಕ್ಕು" ಎಂಬ ಆ ನೆಲದ ಮೇಲೆ ನಿಂತು ನಮ್ಮ ತಲೆಮಾರಿನವರು ನ್ಯಾಯಾಲಯಗಳಲ್ಲಿ ಸೋಲುತ್ತಿದ್ದಾರೆ. ಸೋಲಬೇಕಾದದ್ದೂ ಸರಿಯೇ ಎಂದು ನನ್ನ ಅಭಿಪ್ರಾಯ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ನನ್ನ ಸಹೋದ್ಯೋಗಿಯಾಗಿದ್ದ ಮಿತ್ರರೊಬ್ಬರ ಮನೆಯ ಸಂಗತಿ ಇದು. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವರೂ ಅವರ ಪತ್ನಿಯೂ ಒಪ್ಪಿದ್ದಾರೆ. ಮೊಮ್ಮಗಳು ಹುಟ್ಟಿದ್ದು 2014ರಲ್ಲಿ. ಸೊಸೆ ಕೆಲಸಕ್ಕೆ ಮರಳಿದಾಗ ಮಗುವಿಗೆ ಐದು ತಿಂಗಳು. ಅಂದಿನಿಂದ ನಾಲ್ಕೂವರೆ ವರ್ಷದವರೆಗೆ ಆ ಮಗುವಿಗೆ ಎಣ್ಣೆನೀರು ಹಾಕಿದವರು, ರಾಗಿಸರಿ ತಿನ್ನಿಸಿದವರು, ಲಸಿಕೆಗೆ ಎತ್ತಿಕೊಂಡು ಹೋದವರು ಈ ಅಜ್ಜಿ. 2019ರಲ್ಲಿ ಗಂಡ ಹೆಂಡತಿ ಬೇರೆಯಾದರು. ಸೊಸೆ ಮಗಳೊಡನೆ ಆರ್.ಟಿ. ನಗರದ ತವರುಮನೆಗೆ ಹೋದಳು. ಮುಂದಿನ ವರ್ಷ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. ತಿಂಗಳಿಗೆ ಎರಡು ಭಾನುವಾರ ತಂದೆ ಮಗಳನ್ನು ಕರೆದೊಯ್ಯಬಹುದು ಎಂದು ಒಪ್ಪಂದಪತ್ರದಲ್ಲಿ ಬರೆದರು. ಅಜ್ಜ ಅಜ್ಜಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಕಾಣಲಿಲ್ಲ, ಏಕೆಂದರೆ ಆ ಭಾನುವಾರಗಳಲ್ಲಿ ಮಗು ಯಲಹಂಕಕ್ಕೇ ಬರುತ್ತಿತ್ತು.

2021ರಲ್ಲಿ ಮಗ ಕೆನಡಾಕ್ಕೆ ಹೋದ. ಅವನೊಡನೆ ಆ ಭಾನುವಾರಗಳೂ ಹೋದವು. ಭೇಟಿಯ ಹಕ್ಕು ಬರೆದಿದ್ದುದು ತಂದೆಯ ಹೆಸರಿಗೆ. ತಂದೆಯೇ ಇಲ್ಲದ ಮೇಲೆ ಅಜ್ಜನ ಕೈಯಲ್ಲಿ ಯಾವ ಕಾಗದವೂ ಉಳಿಯಲಿಲ್ಲ. ಮಗ ಜೀವನಾಂಶವನ್ನೂ ಕೆಲವು ತಿಂಗಳು ಕಳುಹಿಸಲಿಲ್ಲ. ಸೊಸೆ ಫೋನು ಎತ್ತುವುದನ್ನು ನಿಲ್ಲಿಸಿದಳು. ವಿಚ್ಛೇದನದ ಒಪ್ಪಂದಕ್ಕೆ ಸಹಿ ಹಾಕುವ ದಿನವೇ "ತಂದೆ ಊರಿನಲ್ಲಿಲ್ಲದಾಗ ಆ ಸಮಯದಲ್ಲಿ ಅಜ್ಜ ಅಜ್ಜಿ ಮಗುವನ್ನು ಭೇಟಿಯಾಗಬಹುದು" ಎಂದು ಒಂದು ಸಾಲು ಸೇರಿಸಿದ್ದರೆ ಮುಂದಿನ ಮೂರು ವರ್ಷಗಳ ಅಲೆದಾಟವೇ ಇರುತ್ತಿರಲಿಲ್ಲ. ಆ ಹಂತದಲ್ಲಿ ಈ ಸಾಲಿಗೆ ಸೊಸೆಯೂ ಬಹುಶಃ ಅಡ್ಡಿ ಹೇಳುತ್ತಿರಲಿಲ್ಲ.

ಮಿತ್ರರು ಮೊದಲು ಓಡಿದ್ದು ಪೊಲೀಸ್ ಠಾಣೆಗೆ. ಮಗು ತನ್ನ ತಾಯಿಯ ಬಳಿ ಇದೆಯಲ್ಲ, ಇದರಲ್ಲಿ ಅಪರಾಧವೇನು ಎಂದು ಅಲ್ಲಿ ಕೇಳಿದರು. ಕೇಳಿದ್ದು ಸರಿ. ಹೇಬಿಯಸ್ ಕಾರ್ಪಸ್ ಹಾಕೋಣ ಎಂದು ಯಾರೋ ಹೇಳಿದರು. ಅದೂ ಅಕ್ರಮ ಬಂಧನಕ್ಕಿರುವ ಔಷಧ. ತಾಯಿಯ ಮಡಿಲು ಅಕ್ರಮ ಬಂಧನವಲ್ಲ. ಬೆಂಚಿನ ಇನ್ನೊಬ್ಬ ಪಂಡಿತರು, ಹಿರಿಯ ನಾಗರಿಕರ ಕಾಯಿದೆಯಡಿ ಅಸಿಸ್ಟೆಂಟ್ ಕಮಿಷನರ್ ಬಳಿ ದೂರು ಕೊಡಿ ಎಂದರು. 2007ರ ಆ ಕಾಯಿದೆ ನಮ್ಮ ಊಟ, ವಸತಿ, ಔಷಧೋಪಚಾರ, ಆಸ್ತಿಯ ವಿಷಯವನ್ನು ನೋಡುತ್ತದೆಯೇ ಹೊರತು ಮೊಮ್ಮಕ್ಕಳನ್ನು ಕರೆಸಿ ತೋರಿಸುವುದಿಲ್ಲ. ಹೀಗೆ ಆರು ತಿಂಗಳು ಕಳೆದವು. ಆರು ತಿಂಗಳು ನಮಗೆ ಏನೂ ಅಲ್ಲ. ಏಳು ವರ್ಷದ ಮಗುವಿಗೆ ಅದು ಬಹಳ ದೊಡ್ಡ ಕಾಲ.

ಸರಿಯಾದ ಬಾಗಿಲು ಕೌಟುಂಬಿಕ ನ್ಯಾಯಾಲಯದ್ದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 7ನೆಯ ಕಲಮು, ಮಗುವಿನ ಪಾಲಕತ್ವ ಮತ್ತು ಸುಪರ್ದಿನ ಜೊತೆಗೆ ಮಗುವಿನ ಭೇಟಿಯ ವಿಷಯವನ್ನೂ ಈ ನ್ಯಾಯಾಲಯಕ್ಕೆ ವಹಿಸಿದೆ. ಅರ್ಜಿ ಹಾಕುವುದು 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ ನೆರಳಿನಲ್ಲಿ. ಅದರ 9ನೆಯ ಕಲಮಿನ ಪ್ರಕಾರ, ಮಗು ಸಾಮಾನ್ಯವಾಗಿ ವಾಸವಿರುವ ಊರಿನ ನ್ಯಾಯಾಲಯಕ್ಕೇ ಹೋಗಬೇಕು, ಅಜ್ಜನ ಊರಿನದಕ್ಕಲ್ಲ. ನನ್ನ ಮಿತ್ರರಿಗೆ ಇದು ತೊಂದರೆಯಾಗಲಿಲ್ಲ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲವೇ ಎರಡೂ ಕಡೆಯವರಿಗೆ ಸಲ್ಲುತ್ತದೆ. ಸೊಸೆಯ ತವರು ಶಿವಮೊಗ್ಗವಾಗಿದ್ದರೆ ಅವರು ಶಿವಮೊಗ್ಗಕ್ಕೇ ಹೋಗಬೇಕಾಗಿತ್ತು.

ಈಗ ಅವರ ಅರ್ಜಿಯ ವಿಷಯ. ಮೊದಲ ಕರಡನ್ನು ನಾನು ಓದಿದ್ದೇನೆ. ಹದಿನಾಲ್ಕು ಪುಟಗಳಲ್ಲಿ ಒಂಬತ್ತು ಪುಟ ಸೊಸೆಯ ದೂಷಣೆ. ಆಕೆ ತಡವಾಗಿ ಬರುತ್ತಿದ್ದಳು, ಅಡುಗೆ ಮಾಡುತ್ತಿರಲಿಲ್ಲ, ಮಗನ ಸಂಸಾರ ಮುರಿದವಳು ಆಕೆಯೇ. ಉಳಿದ ಪುಟಗಳಲ್ಲಿ ವಂಶ, ಗೋತ್ರ, ಹಬ್ಬಗಳು. ಕೊನೆಗೆ ಬೇಡಿಕೆ: ಪ್ರತಿ ಶನಿವಾರ ಭಾನುವಾರ ಮಗು ನಮ್ಮಲ್ಲಿ ತಂಗಬೇಕು, ದಸರಾ ಮತ್ತು ಬೇಸಿಗೆ ರಜೆ ಪೂರ್ತಿ ನಮಗೆ ಬೇಕು, ಅಲ್ಲದೆ ನನ್ನನ್ನು ಪಾಲಕನೆಂದು ನೇಮಿಸಬೇಕು. "ಹೇಗಿದೆ ಮೇಷ್ಟ್ರೇ?" ಎಂದು ಕೇಳಿದರು. ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗೆ ಉತ್ತರ ಬರೆದ ಹುಡುಗನ ಪತ್ರಿಕೆಯಂತಿದೆ ಎಂದೆ. ಅವರಿಗೆ ಸಿಟ್ಟು ಬಂತು. ಎರಡು ವಾರ ನನ್ನೊಡನೆ ಮಾತು ಬಿಟ್ಟರು.

ನ್ಯಾಯಾಲಯ ಕೇಳುವ ಪ್ರಶ್ನೆ ಯಾವುದು? 1890ರ ಕಾಯಿದೆಯ 17ನೆಯ ಕಲಮನ್ನು ಓದಿದರೆ ತಿಳಿಯುತ್ತದೆ. ಮಗುವಿನ ಕ್ಷೇಮವನ್ನು ಮುಂದಿಟ್ಟು, ಮಗುವಿನ ವಯಸ್ಸು, ಅರ್ಜಿದಾರರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧದ ಸಾಮೀಪ್ಯ ಇತ್ಯಾದಿಗಳನ್ನು ಅದು ಹೇಳುತ್ತದೆ. ಅದೇ ಸಾಲಿನಲ್ಲಿ ಇನ್ನೊಂದು ಅಂಶವಿದೆ: ಅರ್ಜಿದಾರರಿಗೂ ಮಗುವಿಗೂ ಈಗ ಇರುವ ಅಥವಾ ಹಿಂದೆ ಇದ್ದ ಸಂಬಂಧ. ಬುದ್ಧಿಪೂರ್ವಕವಾಗಿ ತನ್ನ ಇಷ್ಟವನ್ನು ಹೇಳಬಲ್ಲಷ್ಟು ಮಗು ಬೆಳೆದಿದ್ದರೆ ಆ ಇಷ್ಟವನ್ನೂ ಪರಿಗಣಿಸಬಹುದು. ಪಾಲಕರ ನೇಮಕಕ್ಕಾಗಿ ಬರೆದ ಮಾತುಗಳಾದರೂ ಭೇಟಿಯ ಅರ್ಜಿಗಳನ್ನು ತೂಗುವಾಗಲೂ ಇದೇ ತಕ್ಕಡಿ ಕೆಲಸ ಮಾಡುತ್ತದೆ. ರಕ್ತಸಂಬಂಧ ಇಲ್ಲಿ ಹಲವು ತೂಕದ ಕಲ್ಲುಗಳಲ್ಲಿ ಒಂದು ಮಾತ್ರ. ಇನ್ನು ಪಾಲಕನನ್ನಾಗಿ ನೇಮಿಸಿ ಎಂಬ ಬೇಡಿಕೆ 19ನೆಯ ಕಲಮಿಗೆ ತಾಗಿ ಬೀಳುತ್ತದೆ. ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರೆಂದು ನ್ಯಾಯಾಲಯಕ್ಕೆ ಕಾಣದಿದ್ದರೆ, ಬೇರೆಯವರನ್ನು ಮಗುವಿನ ಪಾಲಕರಾಗಿ ನೇಮಿಸುವಂತಿಲ್ಲ. ನೋಡಲು ಬಯಸುವವರು ನೋಡುವುದನ್ನಷ್ಟೇ ಕೇಳಬೇಕು.

ಇದು ಬರಿಯ ಸಿದ್ಧಾಂತವಲ್ಲ. ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಕೌಟುಂಬಿಕ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ 2010ರ ಜನವರಿಯಲ್ಲಿ ತೀರ್ಮಾನವಾಯಿತು. ತಾಯಿ ತೀರಿಕೊಂಡಿದ್ದರು, ತಂದೆ ಮರುಮದುವೆಯಾದರು, ಇಬ್ಬರು ಮಕ್ಕಳು ತಾಯಿಯ ತಂದೆಯ ಬಳಿ ಇದ್ದರು. (ಕುಟುಂಬದ ಹೆಸರು ಬರೆಯುವುದಿಲ್ಲ. ಆ ಮಕ್ಕಳು ಈಗ ಬೆಳೆದು ದೊಡ್ಡವರಾಗಿರುತ್ತಾರೆ.) ಸಹಜ ಪಾಲಕ ನಾನೇ ಎಂದು ತಂದೆ ವಾದಿಸಿದರು. ಪಾಲಕತ್ವ ಬೇರೆ, ಸುಪರ್ದು ಬೇರೆ ಎಂದಿತು ನ್ಯಾಯಾಲಯ. ಮೂಲ ಪ್ರಕರಣ ಮುಗಿಯುವವರೆಗೆ ಮಕ್ಕಳನ್ನು ಅಜ್ಜನ ಬಳಿಯೇ ಉಳಿಸಿ, ತಂದೆಗೆ ಭೇಟಿಯ ಅವಕಾಶ ನೀಡಿತು. ತೂಗಿದ್ದು ಮಕ್ಕಳ ಮಾತನ್ನು, ಒಡಹುಟ್ಟಿದವರನ್ನು ಅಗಲಿಸಬಾರದೆಂಬುದನ್ನು, ಈಗಾಗಲೇ ನೆಲೆಗೊಂಡ ದಿನಚರಿಯನ್ನು. ಆ ಅಜ್ಜ ಗೆದ್ದದ್ದು ಅಜ್ಜನೆಂಬ ಕಾರಣಕ್ಕಲ್ಲ. ಆ ಮಕ್ಕಳು ನಿಜವಾಗಿ ಅವರ ಬಳಿ ಬದುಕುತ್ತಿದ್ದರೆಂಬ ಕಾರಣಕ್ಕೆ.

ಇದರ ಎದುರು ಫೆಬ್ರವರಿ 2025ರ ಮತ್ತೊಂದು ತೀರ್ಪನ್ನು ಇಟ್ಟು ನೋಡಿ. ಅಲ್ಲಿಯೂ ತಾಯಿ ಇಲ್ಲ, ಮಗು ತಾಯಿಯ ತಂದೆತಾಯಿಯರ ಬಳಿ ಇತ್ತು. ಸಹಜ ಪಾಲಕನಾದ ತಂದೆಗಿಂತ ಅಜ್ಜ ಅಜ್ಜಿಯ ಹಕ್ಕು ದೊಡ್ಡದಲ್ಲ ಎಂದು ಸುಪ್ರೀಂ ಕೋರ್ಟು ತಂದೆಯ ಕಡೆ ತೀರ್ಪು ನೀಡಿತು. ಇನ್ನೊಂದೆಡೆ, ಕೋವಿಡ್ಡಿನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಗುಜರಾತಿನ ಒಬ್ಬ ಬಾಲಕನನ್ನು 2022ರ ಜೂನಿನಲ್ಲಿ ಅದೇ ನ್ಯಾಯಾಲಯ, ಚಿಕ್ಕಮ್ಮನಿಗಿಂತ ತಂದೆಯ ತಂದೆತಾಯಿಯರಿಗೆ ಒಪ್ಪಿಸಿತು. ವಯಸ್ಸಾಗಿದೆ ಎಂಬುದೊಂದೇ ಅವರನ್ನು ತಳ್ಳಿಹಾಕಲು ಕಾರಣವಾಗದು ಎಂದಿತು. ತೀರ್ಪುಗಳು ಒಂದಕ್ಕೊಂದು ವಿರುದ್ಧವಾಗಿವೆ ಎಂದು ಬೆಂಚಿನವರು ಗೊಣಗುತ್ತಾರೆ. ಪ್ರತಿ ಬಾರಿಯೂ ತಕ್ಕಡಿಯಲ್ಲಿ ಕುಳಿತದ್ದು ಬೇರೆ ಮಗು ಎಂಬುದನ್ನು ಮರೆಯುತ್ತಾರೆ.

ಮಿತ್ರರ ಕಥೆಗೆ ಮರಳೋಣ. ಎರಡು ವಾರದ ಮುನಿಸಿನ ನಂತರ ಅವರ ಪತ್ನಿಯೇ ಫೋನು ಮಾಡಿದರು. "ನೀವು ಹೇಳಿದ್ದು ನನಗೆ ಅರ್ಥವಾಯಿತು ಮೇಷ್ಟ್ರೇ, ಇವರಿಗೆ ನಾನು ಹೇಳುತ್ತೇನೆ" ಎಂದರು. ಕರಡು ಬದಲಾಯಿತು. ಒಂಬತ್ತು ಪುಟಗಳ ದೂಷಣೆ ಹೋಯಿತು. ಅದರ ಜಾಗದಲ್ಲಿ ಅಜ್ಜಿಯ ಕೈಬರಹವಿದ್ದ ಲಸಿಕೆಯ ಕಾರ್ಡು, ಶಿಶುವಿಹಾರದಿಂದ ಮಗುವನ್ನು ಕರೆದೊಯ್ಯಲು ಅಜ್ಜಿಯ ಭಾವಚಿತ್ರ ಅಂಟಿಸಿ ಕೊಟ್ಟಿದ್ದ ಚೀಟಿ, ಮಗುವಿಗೆ ವೀಸಿಂಗ್ ಬಂದಾಗ ವೈದ್ಯರು ಬರೆದುಕೊಟ್ಟ ಚೀಟಿಗಳು ಬಂದವು. ನಾಮಕರಣದ ಛಾಯಾಚಿತ್ರಗಳ ಆಲ್ಬಮ್ಮನ್ನು ಮಿತ್ರರು ಸೇರಿಸಹೊರಟಿದ್ದರು, ವಕೀಲರು ಬೇಡವೆಂದರು. ಒಂದು ದಿನದ ಸಂಭ್ರಮಕ್ಕೆ ಯಾರು ಬೇಕಾದರೂ ಬಂದು ನಿಲ್ಲಬಹುದು. ಲಸಿಕೆಯ ದಿನ ರಾತ್ರಿ ಜ್ವರದ ಮಗುವನ್ನು ಹೊತ್ತವರು ಯಾರು ಎಂಬುದೇ ಮುಖ್ಯ. ಬೇಡಿಕೆಯೂ ಕುಗ್ಗಿತು: ತಿಂಗಳಿಗೆ ಎರಡು ಬಾರಿ, ಎರಡೆರಡು ಗಂಟೆ, ತಾಯಿಗೆ ಒಪ್ಪಿಗೆಯಾಗುವ ಸ್ಥಳದಲ್ಲಿ. ಮೂಲ ಅರ್ಜಿ ಮುಗಿಯಲು ವರ್ಷಗಳೇ ಬೇಕಾಗುವುದರಿಂದ 12ನೆಯ ಕಲಮಿನಡಿ ಒಂದು ಮಧ್ಯಂತರ ಅರ್ಜಿಯನ್ನೂ ಜೊತೆಗೆ ಹಾಕಿದರು.

ಸೊಸೆಯ ಉತ್ತರ ಬಂತು. ಅದನ್ನು ಓದಿ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಕೆ ಮೂರು ಮಾತು ಬರೆದಿದ್ದಳು. ಮಗ ಜೀವನಾಂಶ ಬಾಕಿ ಇಟ್ಟಿದ್ದಾನೆ. ಅಜ್ಜನ ಮನೆಯಲ್ಲಿ ಮಗುವಿನ ಮುಂದೆ "ನಿನ್ನ ಅಮ್ಮ ನಿಮ್ಮಪ್ಪನನ್ನು ಓಡಿಸಿದಳು" ಎಂದು ಹೇಳಿದ್ದಾರೆ, ಅಂದು ರಾತ್ರಿ ಮಗು ನಿದ್ರೆ ಮಾಡಲಿಲ್ಲ. ಮತ್ತು ಅಜ್ಜನ ಮೂಲಕ ತನ್ನ ಮನೆಯ ಸುದ್ದಿ ಕೆನಡಾಕ್ಕೆ ಹೋಗುತ್ತದೆ. ಮೊದಲನೆಯದು ಇಲ್ಲಿ ಸಲ್ಲದ ಮಾತು; ಜೀವನಾಂಶದ ಬಾಕಿಗೆ ಬೇರೆ ದಾರಿಯಿದೆ, ಅದಕ್ಕೂ ಭೇಟಿಗೂ ಗಂಟು ಹಾಕಲಾಗದು. ಎರಡನೆಯದು ಮತ್ತು ಮೂರನೆಯದು ನಿಜವಾದ ಆಪಾದನೆಗಳು. ಇಂಥ ಅರ್ಜಿಗಳು ಮುರಿದು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಅಜ್ಜ ಅಜ್ಜಿ ಮಗುವಿಗಾಗಿ ಬಂದಿದ್ದಾರೆಯೇ, ಮಗನ ಪರವಾಗಿ ಯುದ್ಧ ಮುಂದುವರಿಸಲು ಬಂದಿದ್ದಾರೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. "ನೀವು ಆ ಮಾತು ಹೇಳಿದ್ದು ನಿಜವೇ?" ಎಂದು ನಾನು ಕೇಳಿದೆ. "ಸಿಟ್ಟಿನಲ್ಲಿ ಒಂದು ಸಲ" ಎಂದರು. ಮಧ್ಯಸ್ಥಿಕೆಯ ಕೋಣೆಯಲ್ಲಿ ಅದನ್ನೇ ಅವರು ಸೊಸೆಯ ಎದುರು ಒಪ್ಪಿಕೊಂಡರು. ಅಂದೇ ಗೋಡೆಯ ಮೊದಲ ಇಟ್ಟಿಗೆ ಅಲುಗಿದ್ದು ಎಂದು ಅವರ ಪತ್ನಿ ಹೇಳುತ್ತಾರೆ.

ಮಗುವಿಗೆ ಆಗ ಎಂಟು ವರ್ಷ. ನ್ಯಾಯಾಧೀಶರು ಅವಳನ್ನು ತಮ್ಮ ಕೊಠಡಿಯಲ್ಲಿ ಒಬ್ಬಳನ್ನೇ ಮಾತಾಡಿಸಿದರು. ಅವಳು ಏನು ಹೇಳಿದಳೆಂಬುದು ಹಿರಿಯರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 2023ರಲ್ಲಿ ಮಧ್ಯಂತರ ಆದೇಶವಾಯಿತು: ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಸಂಜೆ ನಾಲ್ಕರಿಂದ ಆರು, ಮೊದಲ ನಾಲ್ಕು ಭೇಟಿಗಳು ನ್ಯಾಯಾಲಯದ ಆವರಣದಲ್ಲಿ, ನಂತರ ತಾಯಿಯ ಮನೆಗೆ ಹತ್ತಿರದ ಉದ್ಯಾನದಲ್ಲಿ. ತಂದೆತಾಯಿಯರ ವ್ಯಾಜ್ಯದ ಬಗ್ಗೆ ಮಗುವಿನ ಮುಂದೆ ಮಾತಾಡಕೂಡದು. ಪರೀಕ್ಷೆಯ ವಾರದಲ್ಲಿ ಭೇಟಿ ಮುಂದಿನ ಶನಿವಾರಕ್ಕೆ. ದಿನ, ಗಂಟೆ, ಸ್ಥಳ ಇಷ್ಟು ಬಿಡಿಬಿಡಿಯಾಗಿ ಬರೆದಿದ್ದರಿಂದಲೇ ಆ ಆದೇಶ ಉಳಿಯಿತು. "ಸೂಕ್ತ ಸಮಯದಲ್ಲಿ ಭೇಟಿಗೆ ಅವಕಾಶ ನೀಡತಕ್ಕದ್ದು" ಎಂದು ಮಾತ್ರ ಬರೆಸಿಕೊಂಡು ಬಂದವರಿಗೆ ಆ ಸೂಕ್ತ ಸಮಯ ಬರುವುದೇ ಇಲ್ಲ. ಆದೇಶ ಮುರಿದರು ಎಂದು ತೋರಿಸಲೂ ಆಗುವುದಿಲ್ಲ.

ಇಲ್ಲಿಯವರೆಗೆ ನನ್ನ ತಲೆಮಾರಿನವರನ್ನು ಬೈದಿದ್ದಾಯಿತು. ಈಗ ಕಾನೂನು ಮಾಡುವವರ ಸರದಿ.

ನಮ್ಮ ಕಾನೂನಿನಲ್ಲಿ ಅಜ್ಜ ಅಜ್ಜಿಯ ಭೇಟಿಗೆಂದೇ ಒಂದು ಕಲಮಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯಿದೆಯ ಸಹಜ ಪಾಲಕರ ಪಟ್ಟಿಯಲ್ಲಿ ನಾವಿಲ್ಲ. ವಿಚ್ಛೇದನದ ಪ್ರಕರಣದಲ್ಲಿ ಗಂಡ ಹೆಂಡತಿ ಮಾತ್ರ ಕಕ್ಷಿದಾರರು. ಎಲ್ಲವೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಸಲ್ಲಿಸಿದ 257ನೆಯ ವರದಿಯಲ್ಲಿ, ಬೇರ್ಪಟ್ಟ ತಂದೆತಾಯಿಯರ ಮಕ್ಕಳ ವಿಷಯದಲ್ಲಿ ಅಜ್ಜ ಅಜ್ಜಿಯರೊಡನೆ ಕಳೆಯುವ ಸಮಯವನ್ನೂ ಮಾರ್ಗಸೂಚಿಗಳಲ್ಲಿ ಸೇರಿಸಿತ್ತು. ಹತ್ತು ವರ್ಷ ದಾಟಿದರೂ ಅದು ಕಾಯಿದೆಯಾಗಿಲ್ಲ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಹೈಸ್ಕೂಲನ್ನೇ ಮುಗಿಸಿದೆ.

ಅಮೆರಿಕದಲ್ಲಿರುವ ನನ್ನ ಶಿಷ್ಯೆಯೊಬ್ಬಳು ವಾದಿಸುತ್ತಾಳೆ: ಮಗುವನ್ನು ಸಾಕುವ ತಾಯಿಯ ತೀರ್ಮಾನದಲ್ಲಿ ಸರ್ಕಾರ ಏಕೆ ಕೈ ಹಾಕಬೇಕು? ಅಲ್ಲಿಯ ಸುಪ್ರೀಂ ಕೋರ್ಟು 2000ನೆಯ ಇಸವಿಯ ಟ್ರಾಕ್ಸೆಲ್ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಯೋಗ್ಯ ತಾಯಿಯೊಬ್ಬಳು ಭೇಟಿಯನ್ನು ಮಿತಗೊಳಿಸಿದರೆ ಆಕೆಯ ತೀರ್ಮಾನಕ್ಕೆ ವಿಶೇಷ ತೂಕವಿರಬೇಕು ಎಂದಿತು. ಈ ವಾದದಲ್ಲಿ ಹುರುಳಿದೆ. ಒಬ್ಬಳೇ ದುಡಿದು, ಮಗುವನ್ನು ಓದಿಸಿ, ವಾರಕ್ಕೊಂದು ಭಾನುವಾರ ಮಾತ್ರ ಉಸಿರೆಳೆಯುವ ಹೆಣ್ಣುಮಗಳ ಮೇಲೆ ಹಳೆಯ ಅತ್ತೆಮಾವಂದಿರನ್ನು ಹೇರುವುದು ಸುಲಭದ ಮಾತಲ್ಲ. ಹಿಂಸೆಯಿದ್ದ ಮನೆಯಿಂದ ತಪ್ಪಿಸಿಕೊಂಡು ಬಂದವಳಾದರೆ ಹೇರಲೇಬಾರದು.

ಆದರೂ ನನಗೆ ಸರಿಯೆನಿಸುವುದು ಫ್ರಾನ್ಸಿನವರ ದಾರಿ. ಅವರ ನಾಗರಿಕ ಸಂಹಿತೆಯ 371-4ನೆಯ ವಿಧಿ, ಅಜ್ಜ ಅಜ್ಜಿಯರಿಗೆ ಮಗುವಿನ ಮೇಲೆ ಹಕ್ಕಿದೆ ಎನ್ನುವುದಿಲ್ಲ. ತನ್ನ ಹಿರಿಯರೊಡನೆ ಸಂಬಂಧ ಇಟ್ಟುಕೊಳ್ಳುವ ಹಕ್ಕು ಮಗುವಿಗಿದೆ ಎನ್ನುತ್ತದೆ. ಮಗುವಿನ ಹಿತ ಮಾತ್ರವೇ ಅದಕ್ಕೆ ಅಡ್ಡ ಬರಬಹುದು. ಬೆಂಚಿನ ಹಿರಿಯರು ತಮ್ಮ ವಾಕ್ಯದ ಕರ್ತೃವನ್ನು ಬದಲಾಯಿಸಬೇಕೆಂದು ನಾನು ಹೇಳುವುದು ಇದನ್ನೇ. (ವ್ಯಾಕರಣದ ಮೇಷ್ಟ್ರ ಚಾಳಿ, ಕ್ಷಮಿಸಿ.) ಕರ್ತೃ ಬದಲಾದರೆ ಅಪ್ಪನ ಸಿಟ್ಟಿಗಾಗಲಿ ಅಮ್ಮನ ಸಿಟ್ಟಿಗಾಗಲಿ ಮಗುವಿನ ಅಜ್ಜಿಯನ್ನು ಕಿತ್ತುಕೊಳ್ಳುವ ಅಧಿಕಾರವಿರುವುದಿಲ್ಲ. ಅದೇ ರೀತಿ ಅಜ್ಜನಿಗೂ ಮಗುವನ್ನು ಎಳೆದಾಡುವ ಅಧಿಕಾರವಿರುವುದಿಲ್ಲ. ಇಂಥ ಒಂದು ಕಲಮು ನಮ್ಮಲ್ಲಿ ಬರಬೇಕು. ವಿಚ್ಛೇದನದ ಒಪ್ಪಂದವನ್ನು ದಾಖಲಿಸುವಾಗಲೇ, ಈ ಮಗುವನ್ನು ಇದುವರೆಗೆ ನೋಡಿಕೊಂಡವರು ಯಾರು, ಅವರನ್ನು ಮಗು ಮುಂದೆ ಹೇಗೆ ಕಾಣುತ್ತದೆ ಎಂದು ನ್ಯಾಯಾಲಯ ಕೇಳುವುದು ಕಡ್ಡಾಯವಾಗಬೇಕು.

ಈ ವಿಷಯದಲ್ಲಿ ನನಗೇಕೆ ಇಷ್ಟು ಆಸ್ಥೆ ಎಂದು ಕೆಲವರು ಕೇಳಬಹುದು. 1994ರಲ್ಲಿ ನಾನು ಎಂಟನೆಯ ತರಗತಿಯೊಂದರ ಕ್ಲಾಸ್ ಟೀಚರ್ ಆಗಿದ್ದೆ. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಒಬ್ಬ ಮುದುಕರು ಬಂದು ನಿಲ್ಲುತ್ತಿದ್ದರು. ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಕೊಬ್ಬರಿ ಮಿಠಾಯಿ. ನನ್ನ ತರಗತಿಯ ಹುಡುಗನೊಬ್ಬ ಓಡಿಹೋಗಿ ಹತ್ತು ನಿಮಿಷ ಅವರೊಡನೆ ನಿಲ್ಲುತ್ತಿದ್ದ. ಒಂದು ದಿನ ಹುಡುಗನ ತಾಯಿಯಿಂದ ಕಾಗದ ಬಂತು, ಗಂಡನ ಮನೆಯವರು ಯಾರೂ ಮಗುವನ್ನು ಶಾಲೆಯಲ್ಲಿ ಭೇಟಿಯಾಗಕೂಡದು ಎಂದು. ಅದನ್ನು ಮುದುಕರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಗೇಟಿನಲ್ಲಿ ನಿಂತು ಹೇಳಿದೆ. ಅವರು ವಾದಿಸಲಿಲ್ಲ. "ಇವತ್ತು ಒಂದು ಸಲ ಕೊಟ್ಟುಬಿಡಿ ಸ್ವಾಮಿ" ಎಂದು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಹೋದರು. ಶಾಲೆಯ ದೃಷ್ಟಿಯಿಂದ ನಾನು ಮಾಡಿದ್ದು ಸರಿ. ಗೇಟಿನಲ್ಲಿ ಯಾರು ಮಗುವನ್ನು ಕಾಣಬಹುದೆಂದು ತೀರ್ಮಾನಿಸುವುದು ಮೇಷ್ಟ್ರ ಕೆಲಸವಲ್ಲ. ಆದರೆ ಅವರು ಹೋಗಬಹುದಾದ ಬಾಗಿಲು ಒಂದಿದೆ ಎಂದು ನನಗೂ ಅಂದು ತಿಳಿದಿರಲಿಲ್ಲ. ಮುಂದಿನ ಶನಿವಾರ ಹುಡುಗ ಗೇಟಿನವರೆಗೆ ಓಡಿ, ಸುತ್ತ ನೋಡಿ, ನಿಧಾನವಾಗಿ ಬಸ್ ನಿಲ್ದಾಣದ ಕಡೆ ನಡೆದ. ಏನೂ ಕೇಳಲಿಲ್ಲ.

ಮಿತ್ರರ ಮೊಮ್ಮಗಳು ಈಗ ಆರನೆಯ ತರಗತಿ. ಮೂಲ ಅರ್ಜಿ ಇನ್ನೂ ಬಾಕಿಯಿದೆ. ಹೋದ ಎರಡನೆಯ ಶನಿವಾರ ಅವಳಿಗೆ ಯಾವುದೋ ನೃತ್ಯದ ಅಭ್ಯಾಸವಿತ್ತಂತೆ. ಭೇಟಿಯನ್ನು ಮುಂದೂಡಬಹುದೇ ಎಂದು ಸೊಸೆಯೇ ಅಜ್ಜಿಗೆ ಫೋನು ಮಾಡಿ ಕೇಳಿದಳು. ಆದೇಶದಲ್ಲಿ ಹಾಗಿಲ್ಲ ಎಂದು ಮಿತ್ರರು ಒಳಗಿನಿಂದ ಕೂಗಿದರಂತೆ. ಅಜ್ಜಿ ಅವರ ಕಡೆ ಒಮ್ಮೆ ನೋಡಿ, "ಆಗಲಮ್ಮ, ಅವಳು ಕುಣಿಯಲಿ, ಮುಂದಿನ ವಾರ ಬರುತ್ತೇವೆ" ಎಂದು ಫೋನಿಟ್ಟರು. ಮಿತ್ರರು ಅಂದು ಸಂಜೆ ನಮ್ಮ ಬೆಂಚಿಗೆ ಬಂದು ಕುಳಿತಿದ್ದರು. ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ.